ಕೈಗೂ ಡಬ್ಬಿಗೂ ನಡುವಣ ದೂರ

(ಆತ್ಮಹತ್ಯಾ ನಿವಾರಣೆಯ ರಾಷ್ಟ್ರೀಯ ಸಮ್ಮೇಳನದ ಆರಂಭದಲ್ಲಿ ಗದಗ ತಾಲ್ಲೂಕಿನ ಹೊಂಬಳದಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಇಂಥ ಸಮ್ಮೇಳನಗಳು ಸಾಮಾನ್ಯವಾಗಿ ಮಹಾನಗರಗಳ ತಂಪು ಸಭಾಗೃಹಗಳಲ್ಲಿ ನೆರೆಯತಕ್ಕವು. ಮೊದಲ ದಿನದ ಮೊದಲ ಗೋಷ್ಠಿಯಾದರೂ ಒಂದು ಹಳ್ಳಿಯಲ್ಲಿ ನಡೆಯಲಿ ಎಂದು ಈ ದತ್ತಿಯನ್ನು ಇರಿಸಿದ ಕುಟುಂಬದವರು ಅಪೇಕ್ಷಿಸಿದ ಕಾರಣ, ನಾವೆಲ್ಲ ಈ ಹೊತ್ತು ಯರಿಭೂಮಿಯ ನಡುವೆ ಕುಳಿತಿದ್ದೇವೆ. ಆ ಕುಟುಂಬದವರು ತಮ್ಮ ಹೆಸರನ್ನು ವೇದಿಕೆಯ ಮೇಲೆ ಹೇಳಬಾರದೆಂದೂ, ಯಾರ ನೆನಪಿಗಾಗಿ ಈ ದತ್ತಿಯೋ ಆ ಹುಡುಗನ ಹೆಸರನ್ನೂ ಎತ್ತಬಾರದೆಂದೂ ನನ್ನಲ್ಲಿ ಕೇಳಿಕೊಂಡಿದ್ದಾರೆ. ಆ ಮಾತನ್ನು ನಡೆಸಿಕೊಡುತ್ತೇನೆ. ಮಡಿದ ಮಗನ ಹೆಸರನ್ನು ಊರೆದುರು ಹೇಳಲಾರದೆ ತಾಯಿ ತಂದೆಗಳು ಬಾಳುವಂತಾಗಿರುವುದು ಈ ವ್ಯಾಧಿಯ ಒಂದು ಅಂಗವೇ ಆಗಿದೆ ಎಂಬುದನ್ನು ಮಾತ್ರ ಇಲ್ಲಿ ಸೂಚಿಸಿ ಮುಂದುವರಿಯುತ್ತೇನೆ.

ನನ್ನ ವ್ಯಾಖ್ಯಾನದ ಮೇರೆಯನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲಿಯೇ 1,70,924 ಜನ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಯು ಹೇಳುತ್ತದೆ. ಅವರಲ್ಲಿ 13,606 ಜನ ಕರ್ನಾಟಕದವರು. ಇಷ್ಟು ಸಾವುಗಳ ಹಿಂದಿರುವ ಸಾಲ, ರೋಗ, ಮದ್ಯ, ಗೃಹಕಲಹ, ಪರೀಕ್ಷೆ, ಪ್ರೇಮ ಮೊದಲಾದ ಕಾರಣಗಳನ್ನೆಲ್ಲ ಒಂದು ಉಪನ್ಯಾಸದಲ್ಲಿ ವಿವೇಚಿಸುವುದು ಸಾಧ್ಯವಿಲ್ಲ. ನಮ್ಮ ರಾಜ್ಯ ಸರ್ಕಾರವು ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ತಜ್ಞರ ಸಮಿತಿಯು 2002ರಲ್ಲಿ ರೈತರ ಆತ್ಮಹತ್ಯೆಗಳ ಕಾರಣಗಳನ್ನು ಶೋಧಿಸಿ ವರದಿಯೊಪ್ಪಿಸಿದಾಗ, ಯಾವ ಕಾರಣ ಹೆಚ್ಚು, ಯಾವುದು ಕಡಿಮೆ ಎಂಬ ವಿಷಯದಲ್ಲಿ ಎಷ್ಟು ವಾಗ್ವಾದ ನಡೆಯಿತೆಂಬುದನ್ನು ನನ್ನ ವಯಸ್ಸಿನವರು ಬಲ್ಲರು. ನಾನು ಇಂದು ಕಾರಣಗಳ ಆ ವಾದಕ್ಕೆ ಇಳಿಯುವವನಲ್ಲ. ಒಬ್ಬ ಮನುಷ್ಯನಲ್ಲಿ ಸಾಯುವ ಯೋಚನೆ ಹುಟ್ಟಿದ ಗಳಿಗೆ, ಆ ಗಳಿಗೆಯಲ್ಲಿ ಅವನ ಕೈಗೂ ವಿಷಕ್ಕೂ ನಡುವೆ ಇರುವ ದೂರ, ಬದುಕಿ ಉಳಿದವನು ಮನೆಗೆ ಮರಳಿದ ಮೇಲಿನ ದಿನಗಳು, ಇಷ್ಟನ್ನೇ ಕುರಿತು ಮಾತನಾಡುತ್ತೇನೆ. ಈ ಸೀಮೆಯಲ್ಲಿ ವಿಷವೆಂದರೆ ಬಹುಮಟ್ಟಿಗೆ ಹೊಲಕ್ಕೆ ಸಿಂಪಡಿಸುವ ಕೀಟನಾಶಕವೇ ಆದುದರಿಂದ, ನನ್ನ ಮಾತು ಅದರ ಸುತ್ತಲೇ ಸುಳಿಯುವುದು.

ಹೊರಗಿನಿಂದ ಬಂದಿರುವ ಮಿತ್ರರಿಗೆ ಒಂದು ಶಬ್ದದ ಅರ್ಥವನ್ನು ಮೊದಲು ಬಿಡಿಸಿ ಹೇಳಬೇಕು. ಧಾರವಾಡ, ಗದಗ, ಹಾವೇರಿಗಳ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಎನ್ನುತ್ತಾರೆ. ‘ಹತ್ತಿಗೆ ಎಣ್ಣಿ ಹೊಡದ್ವಿ’ ಎಂದರೆ ಔಷಧ ಸಿಂಪಡಿಸಿದೆವೆಂದು ಅರ್ಥ. ಅಡುಗೆಮನೆಯ ಎಣ್ಣೆಗೂ ಅದೇ ಹೆಸರು, ತಲೆಗೆ ಹಚ್ಚುವುದಕ್ಕೂ ಅದೇ ಹೆಸರು, ದೇವರ ಮುಂದಿನ ದೀಪಕ್ಕೆ ಹಾಕುವುದಕ್ಕೂ ಅದೇ ಹೆಸರು. ಆದ್ದರಿಂದಲೇ ರಾತ್ರಿಯ ಪಾಳಿಯಲ್ಲಿರುವ ತರುಣ ವೈದ್ಯನ ಬಳಿಗೆ ಬಂದ ಮುದುಕಿಯೊಬ್ಬಳು, ‘ಯಪ್ಪಾ, ಹುಡುಗ ಎಣ್ಣಿ ತೊಗೊಂಡಾನ’ ಎಂದಾಗ, ಪರಸ್ಥಳದಿಂದ ಬಂದ ವೈದ್ಯನಿಗೆ ಅದು ಅರ್ಥವಾಗದೆ ಅಮೂಲ್ಯವಾದ ಕೆಲವು ನಿಮಿಷಗಳು ಕಳೆದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಮನೆಯದಾದಂತೆ, ಆ ವಸ್ತುವಿನ ಜಾಗವೂ ಮನೆಯೊಳಗಿನದೇ ಆಯಿತು. ಈ ಊರಿನ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದರಾಚೆ ಒಂದು ಕಟ್ಟೆಯ ಎತ್ತರದಲ್ಲಿ ಪಡಸಾಲೆ. ದನ ಕಟ್ಟುವಲ್ಲಿನ ಮಣ್ಣಿನ ಗೋಡೆಯ ಮಾಡದಲ್ಲಿ ಕುಡುಗೋಲು, ಹಗ್ಗದ ಸುರುಳಿ, ಬಿತ್ತನೆಯಲ್ಲಿ ಉಳಿದ ಬೀಜದ ಚೀಲ, ಅವುಗಳ ಜೊತೆಯಲ್ಲಿಯೇ ಅರ್ಧ ಖಾಲಿಯಾದ ಎಣ್ಣೆಯ ಡಬ್ಬಿ. ಪೂರ್ತಿ ಮುಗಿದ ಡಬ್ಬಿಯನ್ನು ಎಸೆಯುವುದುಂಟು. ಅರ್ಧ ಉಳಿದದ್ದನ್ನು, ದುಡ್ಡು ಕೊಟ್ಟು ತಂದದ್ದೆಂದು, ಮುಂದಿನ ಹಂಗಾಮಿಗಾಗಿ ಎತ್ತಿಡುತ್ತಾರೆ. ಆ ಅರ್ಧ ಡಬ್ಬಿಯೇ ಇಂದಿನ ನನ್ನ ವಿಷಯ.

ಇನ್ನು ಗಳಿಗೆಯ ವಿಚಾರಕ್ಕೆ ಬರುತ್ತೇನೆ. ಇದಕ್ಕಾಗಿ ಒಬ್ಬ ರೈತನ ಕಥೆಯನ್ನು ಹೇಳಬೇಕಾಗಿದೆ. ಅವನ ಅನುಮತಿಯನ್ನು ಪಡೆದಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು ಮೊದಲಾದುವನ್ನು ಬದಲಾಯಿಸಿಯೂ ಇದ್ದೇನೆ. ಮೂವತ್ತರ ಆಸುಪಾಸಿನ ಗೃಹಸ್ಥ. ಸ್ವಂತದ್ದು ನಾಲ್ಕು ಎಕರೆ. ಇನ್ನು ಆರು ಎಕರೆಯನ್ನು ಲಾವಣಿಗೆ ಹಿಡಿದು ಉಳ್ಳಾಗಡ್ಡಿ ಹಾಕಿದ್ದ. ಗಡ್ಡೆ ಕೀಳುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಉಳಿದದ್ದನ್ನು ಗದಗಿನ ಪೇಟೆಗೆ ಹೇರಿದಾಗ ಬಂದ ಹಣವು ಚೀಲಕ್ಕೂ ಬಾಡಿಗೆಗೂ ಸರಿಹೋಯಿತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಪೇಟೆಯಿಂದ ಮರಳುವ ದಾರಿಯಲ್ಲಿ ಸ್ವಲ್ಪ ಕುಡಿದ. ಮನೆಗೆ ಬಂದಾಗ ತಂದೆ ಲಾವಣಿಯ ಹಣದ ಮಾತೆತ್ತಿ, ಮಗನು ಸಹಿಸಲಾರದಂಥ ಒಂದು ನುಡಿಯನ್ನು ಆಡಿದ. ತಾಯಿ ಆಗತಾನೆ ತಂಬಿಗೆ ಹಿಡಿದು ಎಮ್ಮೆಯ ಕೆಳಗೆ ಕುಳಿತಿದ್ದಳು. ಹಾಲು ಹಿಂಡಿ ಏಳುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಡಬ್ಬಿಯಿದ್ದ ಮಾಡಕ್ಕೂ ಎಮ್ಮೆ ಕಟ್ಟಿದ ಗೂಟಕ್ಕೂ ನಾಲ್ಕು ಮಾರಿನ ಅಂತರವಿರಲಿಲ್ಲ.

ನೆರೆಯವರ ಟಂಟಂನಲ್ಲಿ ಹಾಕಿಕೊಂಡು ಬಂದರು. ದೈವವಶಾತ್ ಬೇಗನೆ ಬಂದರು. ತೀವ್ರ ನಿಗಾ ಘಟಕದಲ್ಲಿ ದಿನಗಳೇ ಕಳೆದುವು. ಒಂಬತ್ತನೆಯ ದಿನ ಅವನು ಗೋಡೆಗೆ ಒರಗಿ ಕುಳಿತು ಗಂಜಿ ಕುಡಿಯುತ್ತಿದ್ದಾಗ, ಅವನ ಮಂಚದ ಬದಿಯಲ್ಲಿ ನಾನು ಕುಳಿತೆ. ಎಷ್ಟು ದಿನದಿಂದ ಈ ವಿಚಾರವಿತ್ತು ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ದಿನಾ ಎಲ್ಲಿದ್ರೀ ಸಾಹೇಬ್ರ. ಕುಡಿಯೂತನಕಾ ಏನೂ ಹೊಳೀಲಿಲ್ಲ, ಕುಡದ ಮ್ಯಾಲೆ ಎಲ್ಲಾ ಹೊಳೀತು. ಕೂಸಿನ ಮಾರಿ ಇನ್ನೂ ನೋಡಿಲ್ಲಲಾ ಅಂತ ಹೊಳೀತು’ ಎಂದ.

ಈ ಮಾತನ್ನು ನಾನು ಒಬ್ಬನ ಬಾಯಿಂದ ಮಾತ್ರ ಕೇಳಿದವನಲ್ಲ. ನನ್ನ ವೃತ್ತಿಯವರು ಯಾರೂ ಹಾಗೆ ಕೇಳಿರಲಾರರು. ಶ್ರೀಲಂಕೆಯ ಗ್ರಾಮಾಂತರ ಆಸ್ಪತ್ರೆಗಳಲ್ಲಿ ಮೈಕೆಲ್ ಎಡಲ್ಸ್ಟನ್ ಎಂಬ ವೈದ್ಯರೂ ಅವರ ಸಂಗಡಿಗರೂ ವಿಷಪ್ರಾಶನದಿಂದ ಬಂದ ಎಂಟುನೂರಕ್ಕೂ ಹೆಚ್ಚು ಜನರನ್ನು ಕೂಡಿಸಿಕೊಂಡು ವಿಚಾರಿಸಿದಾಗ, ಅರ್ಧಕ್ಕೂ ಮಿಕ್ಕಿದವರು ಯೋಚನೆ ಹುಟ್ಟಿದ ಅರ್ಧ ಗಂಟೆಯೊಳಗೇ ಕೃತ್ಯಕ್ಕೆ ಕೈಹಾಕಿದ್ದರೆಂದು ತಿಳಿಯಿತು. ವಿಷವನ್ನು ಆಯುವಾಗಲೂ ಅವರು ಅದರ ಬಲಾಬಲವನ್ನು ಪರೀಕ್ಷಿಸಿರಲಿಲ್ಲ. ಕೈಗೆ ಯಾವುದು ಹತ್ತಿರವಿತ್ತೋ ಅದನ್ನು ತೆಗೆದುಕೊಂಡಿದ್ದರು. ಎಂದಮೇಲೆ ಬದುಕಿದವನಿಗೂ ಮಡಿದವನಿಗೂ ಇರುವ ವ್ಯತ್ಯಾಸವು ಹಲವು ವೇಳೆ ಅವರ ಸಂಕಲ್ಪದ ದೃಢತೆಯಲ್ಲಿ ಇರುವುದಿಲ್ಲ. ಮಾಡದಲ್ಲಿ ಇದ್ದ ಡಬ್ಬಿ ಯಾವುದು, ಆಸ್ಪತ್ರೆ ಎಷ್ಟು ದೂರ, ಎಂಬುದರಲ್ಲಿ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಎಲ್ಲರ ವಿಷಯದಲ್ಲಿಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಅನ್ನ ರುಚಿಸದೆ, ಹೊಲದ ಕಡೆಗೆ ಹೆಜ್ಜೆಯಿಡಲು ಮನಸ್ಸಿಲ್ಲದೆ, ‘ನಾನಿದ್ದು ಯಾರಿಗೇನು’ ಎನ್ನುತ್ತ ಒಳಗೊಳಗೇ ಕುಸಿಯುವವರಿದ್ದಾರೆ. ಅದು ಖಿನ್ನತೆ ಎಂಬ ರೋಗ; ಅದಕ್ಕೆ ಔಷಧವಿದೆ. ಅಂಥವರು ತಮ್ಮ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚತೊಡಗಿದರೆ, ಸಾಲಪತ್ರಗಳನ್ನು ತೆಗೆದು ಲೆಕ್ಕ ಒಪ್ಪಿಸತೊಡಗಿದರೆ, ಮನೆಯವರು ಅದನ್ನು ಉದಾಸೀನ ಮಾಡಕೂಡದು. ಕೇಳಬೇಕು, ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ವಿಚಾರವನ್ನು ತಲೆಯೊಳಗೆ ತುಂಬಿದಂತಾಗುವುದೆಂಬ ಭಯವು ವೈದ್ಯರಲ್ಲಿಯೂ ಇದೆ. ಈ ಭಯವನ್ನು ಪರೀಕ್ಷಿಸಿ ನೋಡಿದ ಅಧ್ಯಯನಗಳಲ್ಲಿ, ಕೇಳಿದ್ದರಿಂದ ಅಂಥ ವಿಚಾರ ಹೆಚ್ಚಿದುದು ಕಂಡುಬಂದಿಲ್ಲ. ಆದರೆ ಕೇಳುವ ಭಾಷೆ ಪುಸ್ತಕದ್ದಾಗಿರಬಾರದು. ‘ನಿಮಗೆ ಆತ್ಮಹತ್ಯೆಯ ಆಲೋಚನೆಗಳಿವೆಯೇ’ ಎಂದು ನಮ್ಮ ವಿದ್ಯಾರ್ಥಿಗಳು ಕೇಳಿದಾಗ, ರೈತನು ‘ಇಲ್ರೀ’ ಎಂದು ತಲೆತಗ್ಗಿಸುತ್ತಾನೆ; ಆ ಶಬ್ದದಲ್ಲಿರುವ ‘ಹತ್ಯೆ’ ಅವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ‘ಜೀವಾ ಭಾಳ ಬ್ಯಾಸರಾಗೇತೇನಪಾ? ಸತ್ರ ಛಲೋ ಅನಸ್ತೈತೇನು?’ ಎಂದು ಅವನ ತಾಯಿಯ ಮಾತಿನಲ್ಲಿ ಕೇಳಿದರೆ, ಅದೇ ರೈತನ ಕಣ್ಣಲ್ಲಿ ನೀರು ಬರುತ್ತದೆ, ಮಾತೂ ಬರುತ್ತದೆ.

ಈಗ ನನ್ನ ಎರಡನೆಯ ವಿಷಯವಾದ ದೂರದ ಪ್ರಶ್ನೆಗೆ ತೊಡಗುತ್ತೇನೆ. ಇದರಲ್ಲಿ ಸ್ವಲ್ಪ ಹೆಚ್ಚು ಕಾಲ ನಿಲ್ಲಬೇಕಾಗಿದೆ.

ನಮ್ಮ ನೆರೆಯ ಶ್ರೀಲಂಕೆಯು ಒಂದು ಕಾಲಕ್ಕೆ ಜಗತ್ತಿನಲ್ಲಿಯೇ ಅತ್ಯಧಿಕ ಆತ್ಮಹತ್ಯೆಗಳ ದೇಶಗಳಲ್ಲಿ ಒಂದಾಗಿತ್ತು. 1995ರ ಸುಮಾರಿಗೆ, ಎಂಟು ವರ್ಷ ಮೇಲ್ಪಟ್ಟ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಐವತ್ತೇಳು ಜನ ಹೀಗೆ ಮಡಿಯುತ್ತಿದ್ದರು. ಆ ದೇಶದ ಕೀಟನಾಶಕ ನಿಯಂತ್ರಣಾಧಿಕಾರಿಗಳು ವೈದ್ಯರೊಡನೆ ಸಮಾಲೋಚಿಸಿ, ಮನುಷ್ಯರಿಗೆ ಅತಿಘಾತಕವಾದ ಕೀಟನಾಶಕಗಳನ್ನು ಒಂದೊಂದಾಗಿ ಮಾರುಕಟ್ಟೆಯಿಂದ ಹಿಂತೆಗೆಯುತ್ತ ಬಂದರು: 1984ರಲ್ಲಿ ಕೆಲವು, 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಥಮ ವರ್ಗದಲ್ಲಿರಿಸಿದ ಉಳಿದ ವಿಷಗಳು, 1998ರಲ್ಲಿ ಮತ್ತೊಂದು, 2008ರಿಂದ 2011ರ ವರೆಗೆ ಇನ್ನು ಮೂರು. 2015ರ ಹೊತ್ತಿಗೆ ಐವತ್ತೇಳರ ಸಂಖ್ಯೆ ಹದಿನೇಳಕ್ಕೆ ಇಳಿದಿತ್ತು. ಈ ಇಳಿಕೆಯಿಂದ ಇಪ್ಪತ್ತು ವರ್ಷಗಳಲ್ಲಿ ಸುಮಾರು 93,000 ಜೀವಗಳು ಉಳಿದುವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇಲ್ಲಿ ಲಕ್ಷ್ಯವಿಡತಕ್ಕ ಸಂಗತಿಯೊಂದಿದೆ. ವಿಷ ಸೇವಿಸಿ ಆಸ್ಪತ್ರೆಗೆ ಬರುವವರ ಸಂಖ್ಯೆ ಅಷ್ಟಾಗಿ ತಗ್ಗಲಿಲ್ಲ. ಜನರ ದುಃಖಗಳು ಇದ್ದಂತೆಯೇ ಇದ್ದುವು. ತಂದೆಯ ಕಠೋರ ನುಡಿಯೂ, ಪೇಟೆಯ ಧಾರಣೆಯೂ ಅಲ್ಲಿಯೂ ಇದ್ದುವು. ಬಂದವರು ಸಾಯದೆ ಮನೆಗೆ ಮರಳತೊಡಗಿದರು, ಅಷ್ಟೆ.

ಒಂದು ಬಾಗಿಲು ಮುಚ್ಚಿದರೆ ಸಾಯಬೇಕೆಂದವನು ಇನ್ನೊಂದು ಬಾಗಿಲನ್ನು ತಟ್ಟಲಾರನೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೇರೆ ರೀತಿಯ ಸಾವುಗಳು ಶ್ರೀಲಂಕೆಯಲ್ಲಿ ಸ್ವಲ್ಪ ಹೆಚ್ಚಿದುದೂ ನಿಜ. ಆದರೆ ಉಳಿದ ಜೀವಗಳೊಡನೆ ತೂಗಿದರೆ ಆ ಹೆಚ್ಚಳವು ಅಲ್ಪ. ಗಳಿಗೆಯ ವಿಚಾರವನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ: ಇನ್ನೊಂದು ಬಾಗಿಲನ್ನು ಹುಡುಕುವಷ್ಟರಲ್ಲಿ ಆ ಹೊತ್ತು ದಾಟಿರುತ್ತದೆ, ಕೂಸಿನ ಮುಖ ನೆನಪಿಗೆ ಬಂದಿರುತ್ತದೆ. ಬೆಳೆಯ ಗತಿಯೇನೆಂದು ಹೊಂಬಳದ ರೈತರು ಕೇಳುವುದೂ ಸಹಜವೇ. ಆ ನಿಷೇಧಗಳ ತರುವಾಯ ಅಲ್ಲಿನ ಭತ್ತದ ಇಳುವರಿಯನ್ನು ಪರಿಶೀಲಿಸಿದವರಿಗೆ, ನಿಷೇಧದ ಕಾರಣದಿಂದ ಅದು ಇಳಿದುದು ಕಂಡುಬರಲಿಲ್ಲ. ಹುಳುವನ್ನು ಕೊಲ್ಲುವ, ಮನುಷ್ಯನಿಗೆ ಅಷ್ಟು ಮಾರಕವಲ್ಲದ ಬದಲಿಗಳಿದ್ದುವು. ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ ಹದಿನೆಂಟು ಕೀಟನಾಶಕಗಳನ್ನು ನಿಷೇಧಿಸಿ, ಹನ್ನೆರಡನ್ನು ಒಡನೆಯೇ, ಆರನ್ನು 2020ರ ಅಂತ್ಯದಿಂದ ನಿಲ್ಲಿಸಿತು. ದಾರಿ ಸರಿಯಾದುದು; ನಡಿಗೆ ನಿಧಾನವಾದುದು. 2022ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಆತ್ಮಹತ್ಯಾ ನಿವಾರಣಾ ನೀತಿಯು 2030ರೊಳಗೆ ಸಾವುಗಳನ್ನು ಶೇಕಡಾ ಹತ್ತರಷ್ಟು ತಗ್ಗಿಸುವ ಗುರಿಯನ್ನಿಟ್ಟಿದೆ. ಶ್ರೀಲಂಕೆಯ ಅನುಭವವನ್ನು ಓದಿದ ನನಗೆ ಆ ಗುರಿ ಚಿಕ್ಕದೆಂದು ತೋರುತ್ತದೆ. ಆದರೆ ನಮ್ಮಲ್ಲಿ ವಿಷದಿಂದಲ್ಲದೆ ಸಂಭವಿಸುವ ಸಾವುಗಳೇ ಹೆಚ್ಚೆಂಬುದನ್ನೂ, ಅವುಗಳಿಗೆ ಈ ಉಪಾಯ ನಿಲುಕದೆಂಬುದನ್ನೂ ಮರೆಯಬಾರದು.

ಸರ್ಕಾರದ ಆಜ್ಞೆಗೆ ಕಾಯುತ್ತ ಕೂರುವ ಬದಲು, ಡಬ್ಬಿಗೊಂದು ಬೀಗ ಹಾಕಿದರಾಗದೆ? ಇದು ನನಗೂ ಬಹುಕಾಲ ಹೊಳೆಯುತ್ತಿದ್ದ ಸುಲಭೋಪಾಯ. ಶ್ರೀಲಂಕೆಯಲ್ಲಿಯೇ ನೂರೆಂಬತ್ತು ಹಳ್ಳಿಗಳ ಐವತ್ತು ಸಾವಿರಕ್ಕೂ ಮಿಕ್ಕ ಮನೆಗಳನ್ನು ಒಳಗೊಂಡು, ಅರ್ಧದಷ್ಟು ಹಳ್ಳಿಗಳ ರೈತರಿಗೆ ಬೀಗದ ಪೆಟ್ಟಿಗೆಗಳನ್ನು ಕೊಟ್ಟು, ಉಳಿದ ಹಳ್ಳಿಗಳಿಗೆ ಕೊಡದೆ, ವರ್ಷಗಳ ಕಾಲ ಫಲವನ್ನು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶವು ನಮ್ಮನ್ನೆಲ್ಲ ನಿರಾಶೆಗೊಳಿಸಿತು: ಪೆಟ್ಟಿಗೆ ಪಡೆದ ಹಳ್ಳಿಗೂ ಪಡೆಯದ ಹಳ್ಳಿಗೂ ಅಂತರವೇ ಕಾಣಲಿಲ್ಲ. ಏಕೆಂಬುದನ್ನು ಈ ಸಭೆಯಲ್ಲಿರುವ ತಾಯಂದಿರು ನನಗಿಂತ ಚೆನ್ನಾಗಿ ಹೇಳಬಲ್ಲರು. ಬೀಗದ ಕೈ ಮನೆಯೊಳಗಿನ ಮೊಳೆಯ ಮೇಲೆಯೇ ತೂಗುತ್ತಿರುತ್ತದೆ; ಮನೆಯ ಯಜಮಾನನ ಕೈಗೆ ಅದು ಸದಾ ಎಟುಕುತ್ತದೆ; ಮತ್ತು ಬಹಳ ಸಲ ಆಪತ್ತಿನಲ್ಲಿರುವವನು ಆ ಯಜಮಾನನೇ. ಹಂಗಾಮಿನ ಅವಸರದಲ್ಲಿ ಪೆಟ್ಟಿಗೆಗೆ ಬೀಗ ಬೀಳುವುದೂ ಇಲ್ಲ. ಕೈ ಕ್ರಮಿಸಬೇಕಾದ ದೂರವನ್ನು ಬೀಗವು ಹೆಚ್ಚಿಸಲಿಲ್ಲ. ಡಬ್ಬಿ ಮನೆಯಲ್ಲಿಯೇ ಉಳಿಯಿತು.

ಇದಕ್ಕೆ ಪ್ರತಿಯಾಗಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ, 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಎಂಬ ಸಂಸ್ಥೆಯನ್ನು ಕಟ್ಟಿದ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಬೇರೊಂದು ಪ್ರಯೋಗವನ್ನು ನಡೆಸಿದರು. ಎರಡು ಹಳ್ಳಿಗಳಲ್ಲಿ ಊರಿಗೆ ಸಾಮಾನ್ಯವಾದ ಉಗ್ರಾಣವೊಂದನ್ನು ಕಟ್ಟಿ, ಬ್ಯಾಂಕಿನ ಲಾಕರುಗಳಂತೆ ರೈತರಿಗೆ ಒಂದೊಂದು ಪೆಟ್ಟಿಗೆಯನ್ನು ಕೊಟ್ಟು, ನೋಡಿಕೊಳ್ಳಲು ಒಬ್ಬ ಮನುಷ್ಯನನ್ನು ನೇಮಿಸಿದರು. ಹೊಲಕ್ಕೆ ಹೋಗುವಾಗ ಬೇಕಾದಷ್ಟು ತೆಗೆದುಕೊಂಡು, ಉಳಿದುದನ್ನು ಸಂಜೆ ಮತ್ತೆ ಅಲ್ಲಿಯೇ ಇಡುವುದು. ರೈತರು ಒಪ್ಪಿದರು; ಆ ಹಳ್ಳಿಗಳಲ್ಲಿ ಸಾವುಗಳೂ ತಗ್ಗಿದುವು. ಎರಡೇ ಹಳ್ಳಿಗಳ ಚಿಕ್ಕ ಪ್ರಯೋಗವಾದುದರಿಂದ ಇದರ ಮೇಲೆ ದೊಡ್ಡ ಕಟ್ಟಡವನ್ನು ಎಬ್ಬಿಸಲು ನಾನು ಹಿಂಜರಿಯುತ್ತೇನೆ. ಆದರೂ ಮನೆಯ ಬೀಗಕ್ಕೂ ಊರಿನ ಉಗ್ರಾಣಕ್ಕೂ ಇರುವ ಭೇದವನ್ನು ಗಮನಿಸಿ. ಉಗ್ರಾಣದವರೆಗೆ ನಡೆಯಬೇಕು, ನಡೆಯುವಾಗ ಎದುರಿಗೆ ಬಂದವರು ‘ಎತ್ತಾಗ ಹೊಂಟೀಪಾ ಈ ಹೊತ್ತಿನ್ಯಾಗ’ ಎಂದು ಕೇಳುತ್ತಾರೆ, ಬಾಗಿಲಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆ, ಅವನು ಮುಖ ನೋಡುತ್ತಾನೆ.

ಅಂಥ ಉಗ್ರಾಣಕ್ಕೆ ನೆಲೆ ನಮ್ಮಲ್ಲಿಯೇ ಇದೆ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಬಡ್ಡಿಯ ವಿಷದಿಂದ ರೈತನನ್ನು ಪಾರುಮಾಡಲು ಆ ಪುಣ್ಯಾತ್ಮರು ಊರವರ ಹಣವನ್ನು ಒಂದೆಡೆ ಕೂಡಿಸಿದರು. ಅದೇ ಸಂಘಗಳ ಗೋದಾಮುಗಳಲ್ಲಿ ಇಂದು ಗೊಬ್ಬರವೂ ಬೀಜವೂ ಇವೆ; ಊರಿನ ಅರ್ಧ ಡಬ್ಬಿಗಳನ್ನು ಇರಿಸಲು ಒಂದು ಕೋಣೆ, ಒಂದು ದಾಖಲೆ ಪುಸ್ತಕ, ಒಬ್ಬ ಕಾರ್ಯದರ್ಶಿಯ ಕಣ್ಣು ಅಲ್ಲಿ ದೊರೆಯಲಾರದೆ? ಮಧ್ಯಾಹ್ನದ ಗೋಷ್ಠಿಯಲ್ಲಿ ಸಹಕಾರ ಸಂಘಗಳ ಪ್ರತಿನಿಧಿಗಳು ಇರುವರೆಂದು ತಿಳಿದು ಈ ಪ್ರಶ್ನೆಯನ್ನು ಅವರ ಮುಂದೆ ಇಡುತ್ತಿದ್ದೇನೆ. ಅಂಗಡಿಕಾರರಿಗೂ ಒಂದು ಮಾತು. ಬೆಳೆಯ ಹೆಸರನ್ನಾಗಲಿ ಹುಳುವಿನ ಹೆಸರನ್ನಾಗಲಿ ಹೇಳಲಾರದೆ, ಕುಡಿದ ಸ್ಥಿತಿಯಲ್ಲಿಯೋ ಅತ್ತ ಕಣ್ಣಿನಲ್ಲಿಯೋ ಬಂದು ‘ಯಾವುದರ ಒಂದು ಎಣ್ಣಿ ಕೊಡ್ರಿ’ ಎನ್ನುವವನಿಗೆ, ‘ಸ್ಟಾಕ್ ಇಲ್ಲ, ನಾಳೆ ಬಾ, ಕುಂಡ್ರು, ಚಾ ಕುಡಿ’ ಎನ್ನುವುದು ಅವರ ವ್ಯಾಪಾರಕ್ಕೆ ಹಾನಿಯಲ್ಲ.

ಪ್ರಸಂಗವಶಾತ್ ಮತ್ತೊಂದು ಸಂಗತಿ. ವಿಷ ಸೇವಿಸಿದವನಿಗೆ ಉಪ್ಪುನೀರನ್ನೋ ಸಗಣಿನೀರನ್ನೋ ಬಲಾತ್ಕಾರದಿಂದ ಕುಡಿಸಿ ವಾಂತಿ ಮಾಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಪ್ರೇಮದಿಂದ ಮಾಡುವ ಈ ಉಪಚಾರದಿಂದ ಆ ದ್ರವವು ಶ್ವಾಸಕೋಶಕ್ಕೆ ಇಳಿದು, ವಿಷದಿಂದ ಬದುಕಬಹುದಾಗಿದ್ದವರು ಇದರಿಂದ ಮಡಿದುದುಂಟು. ಏನನ್ನೂ ಕುಡಿಸದೆ, ವಿಷ ತಾಗಿದ ಬಟ್ಟೆಯನ್ನು ತೆಗೆದು, ಮೈ ತೊಳೆದು, ಎಡಕ್ಕೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆಮಾಡಿ, ಡಬ್ಬಿಯನ್ನು ತಪ್ಪದೆ ಜೊತೆಯಲ್ಲಿ ತನ್ನಿ. ಪೊಲೀಸರ ಹೆದರಿಕೆಯಿಂದ ‘ಹೊಡಿಯೂ ಮುಂದ ಗಾಳಿಗೆ ಮೈಗೆ ಬಡೀತು’ ಎಂದು ಹೇಳುವವರು ಬಹಳ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು, ಹೀಗೆ ಮಾಡಿಕೊಂಡವನು ತೀವ್ರ ಸಂಕಟದಲ್ಲಿದ್ದನೆಂದೇ ಭಾವಿಸಿ, ಅವನನ್ನು ದಂಡಿಸದೆ ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲವೇ ಇಲ್ಲ. ಆಸ್ಪತ್ರೆಯಲ್ಲಿ ದಾಖಲೆ ಬರೆದುಕೊಳ್ಳುವುದು ಉಂಟು; ಅದರಿಂದ ಹೆದರಬೇಕಾದುದಿಲ್ಲ. ವೈದ್ಯನಿಗೆ ನಿಜವನ್ನು ಹೇಳಿ.

ಕಡೆಯದಾಗಿ, ಮನೆಗೆ ಮರಳಿದವನ ವಿಚಾರ. ಒಮ್ಮೆ ಹೀಗೆ ಮಾಡಿಕೊಂಡು ಬದುಕಿದವನಿಗೆ ಮುಂದಿನ ತಿಂಗಳುಗಳು ಅತ್ಯಂತ ಅಪಾಯಕರವಾದುವು. ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಬೇರೆ ರೀತಿಯಿಂದ ಕಲಿತೆ. ನಾನು ಎಳೆಯ ವೈದ್ಯನಾಗಿದ್ದಾಗ ಕೆಲಸಮಾಡುತ್ತಿದ್ದ ಆಸ್ಪತ್ರೆಯೊಂದರಲ್ಲಿ, ಗುಣವಾದ ತರುಣಿಯೊಬ್ಬಳಿಗೆ ‘ಇನ್ನೊಮ್ಮೆ ಹೀಂಗ ಮಾಡಬ್ಯಾಡವಾ’ ಎಂದು ಹೇಳಿ ಚೀಟಿ ಬರೆದು ಕಳುಹಿಸಿದೆ. ಮತ್ತೆ ಎಂದು ಬರಬೇಕೆಂದು ಬರೆಯಲಿಲ್ಲ. ತಿಂಗಳು ತುಂಬುವುದರೊಳಗೆ ಅವಳ ಸಾವಿನ ವಾರ್ತೆ ಬಂತು. ಆ ಚೀಟಿಯ ಮೇಲೆ ದಿನಾಂಕ ಬರೆಯಬೇಕಾಗಿದ್ದ ಜಾಗ ಖಾಲಿಯಾಗಿ ಉಳಿದಿದ್ದುದು ಇಂದಿಗೂ ನನ್ನ ಕಣ್ಣೆದುರಿಗೆ ಇದೆ.

ವಿಶ್ವ ಆರೋಗ್ಯ ಸಂಸ್ಥೆಯು ಐದು ನಗರಗಳಲ್ಲಿ, ಅವುಗಳಲ್ಲಿ ನಮ್ಮ ಚೆನ್ನೈಯೂ ಒಂದು, ಇಂಥ 1,867 ಜನರ ಮೇಲೆ ನಡೆಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಯಲ್ಲಿ, ಮನೆಗೆ ಹೋಗುವ ಮೊದಲು ಒಂದು ಗಂಟೆಯ ಏಕಾಂತ ಸಂಭಾಷಣೆ. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಕರೆಮಾಡಿಯೋ ಮನೆಗೆ ಹೋಗಿಯೋ ವಿಚಾರಿಸುವುದು. ಮೊದಲನೆಯ, ಎರಡನೆಯ, ನಾಲ್ಕನೆಯ, ಏಳನೆಯ, ಹನ್ನೊಂದನೆಯ ವಾರ. ಬಳಿಕ ನಾಲ್ಕನೆಯ, ಆರನೆಯ, ಹನ್ನೆರಡನೆಯ, ಹದಿನೆಂಟನೆಯ ತಿಂಗಳು. ಮೊದಲು ಒತ್ತೊತ್ತಾಗಿ, ತರುವಾಯ ವಿರಳವಾಗಿ. ಎಂದಿನ ಚಿಕಿತ್ಸೆ ಪಡೆದವರಲ್ಲಿ ಹದಿನೆಂಟು ಜನ ಆತ್ಮಹತ್ಯೆಯಿಂದ ಮಡಿದಿದ್ದರು, ಹೀಗೆ ವಿಚಾರಿಸಲ್ಪಟ್ಟವರಲ್ಲಿ ಇಬ್ಬರು. ಈ ಬಗೆಯ ವಿಚಾರಣೆಯು ಎಲ್ಲ ಕಡೆಯಲ್ಲಿಯೂ ಇಷ್ಟೇ ಫಲ ಕೊಟ್ಟಿತೆಂದು ಹೇಳಲಾಗದು. ಆದರೆ ಇದಕ್ಕೆ ಮನೋವೈದ್ಯನೇ ಬೇಕಾಗಿಲ್ಲ ಎಂಬುದು ನಮ್ಮಂಥ ಸೀಮೆಗೆ ಮುಖ್ಯವಾದ ಸಂಗತಿ. ಈಗ್ಗೆ ನಾಲ್ಕು ದಶಕಗಳ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲಿಯೇ ಮನೋರೋಗಗಳಿಗೆ ಆರೈಕೆ ಸಾಧ್ಯವೆಂದು ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಲ್ಲಿಂದ ಬೆಳೆದು ಬಂದುದು. ಇಂದು ಪ್ರತಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಿದ್ದಾಳೆ. ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡುವ, ಶುಲ್ಕವಿಲ್ಲದ ಟೆಲಿ ಮನಸ್ ಸಹಾಯವಾಣಿ, 14416, 2022ರ ಅಕ್ಟೋಬರಿನಿಂದ ಇದೆ.

ಉಳ್ಳಾಗಡ್ಡಿಯ ರೈತನ ವಿಷಯಕ್ಕೆ ಮರಳುತ್ತೇನೆ. ಅವನು ಮನೆಗೆ ಹೊರಡುವ ದಿನ, ತಂದೆಯನ್ನೂ ಕರೆದು ಕೂರಿಸಿಕೊಂಡು ಒಂದು ಗಂಟೆ ಮಾತನಾಡಿದೆವು. ಮನೆಯಲ್ಲಿದ್ದ ಡಬ್ಬಿಗಳನ್ನು ಊರಾಚೆಯ ಹೊಲದಲ್ಲಿರುವ ಸಂಬಂಧಿಕರಲ್ಲಿ ಇರಿಸಲು ತಂದೆಯೇ ಒಪ್ಪಿದ. ಕುಡಿತವನ್ನು ಬಿಡಿಸುವ ಚಿಕಿತ್ಸೆಗೆ ಹೆಸರು ಬರೆಸಿದೆವು. ಎರಡು ಗಟ್ಟಿ ಕಾಗದಗಳ ಮೇಲೆ ಒಂಬತ್ತು ದಿನಾಂಕಗಳನ್ನು ಬರೆದು ಒಂದನ್ನು ಅವನಿಗೂ, ಒಂದನ್ನು ಊರಿನ ಆಶಾ ಕಾರ್ಯಕರ್ತೆಗೂ ಕೊಟ್ಟೆ. ಎರಡನೆಯ ವಾರ ಆಕೆ ಹೋದಾಗ ಅವನು ಮಾತನಾಡಲಿಲ್ಲ. ಬಾಗಿಲ ಸಂದಿಯಿಂದ ‘ಆರಾಮ ಅದೀನಿ’ ಎಂದು ಹೇಳಿ ಕಳುಹಿಸಿದ. ಏಳನೆಯ ವಾರ ಮತ್ತೆ ಕುಡಿದಿದ್ದ; ಆಕೆ ನನಗೆ ಫೋನು ಮಾಡಿದಳು, ಮರುದಿನವೇ ಕರೆಸಿಕೊಂಡೆ. ನಾಲ್ಕನೆಯ ತಿಂಗಳಿಗೆ ಹೆಂಡತಿ ಕೂಸಿನೊಡನೆ ತವರಿನಿಂದ ಬಂದಿದ್ದಳು. ಸಾಲ ತೀರಿರಲಿಲ್ಲ, ಲಾವಣಿಯ ಹೊಲವನ್ನು ಬಿಟ್ಟುಕೊಟ್ಟಿದ್ದ.

ಹದಿನೆಂಟನೆಯ ತಿಂಗಳ ಆ ಒಂಬತ್ತನೆಯ ದಿನಾಂಕದಂದು ಆಶಾ ಕಾರ್ಯಕರ್ತೆ ಹೋದಾಗ, ಅವನು ನಾಲ್ಕು ಎಕರೆಯಲ್ಲಿ ಹೆಸರಿನ ಬೆಳೆಗೆ ಎಡೆ ಹೊಡೆಯುತ್ತಿದ್ದನಂತೆ. ಎತ್ತುಗಳನ್ನು ನಿಲ್ಲಿಸಿ ಬದುವಿಗೆ ಬಂದು, ಅಂಗಿಯ ಕಿಸೆಯಿಂದ ಬೆವರಿಗೆ ಮೆತ್ತಗಾಗಿದ್ದ ಆ ಕಾಗದವನ್ನು ತೆಗೆದು, ಕೊನೆಯ ದಿನಾಂಕದ ಮೇಲೆ ಬೆರಳಿಟ್ಟು, ‘ಅಕ್ಕಾರ, ಇವತ್ತಿಗೆ ಇದು ಮುಗೀತಲ್ಲ, ಇನ್ನ ನೀವು ಬರೂದಿಲ್ಲೇನು?’ ಎಂದು ಕೇಳಿದನಂತೆ. ಆಕೆ ತನ್ನ ಚೀಲದಿಂದ ಪೆನ್ನು ತೆಗೆದು, ಕಾಗದದ ತಳದಲ್ಲಿ ಉಳಿದಿದ್ದ ಜಾಗದಲ್ಲಿ, ನನ್ನನ್ನು ಕೇಳದೆಯೇ, ಹತ್ತನೆಯ ದಿನಾಂಕವೊಂದನ್ನು ಬರೆದುಕೊಟ್ಟು ಬಂದಳು.